ಮಗಳ ರಜೆ ಅರ್ಜಿಯನ್ನು ಮೂರು ಸಲ ಬರೆದ ಕಥೆ

ನಾನು ಬರೆದ ಮೊದಲ ಅರ್ಜಿಯ ಕೊನೆಯಲ್ಲಿ "ಇಂತಿ ತಮ್ಮ ವಿಧೇಯ ವಿದ್ಯಾರ್ಥಿ" ಎಂದಿತ್ತು. ಅದರ ಕೆಳಗೆ ನನ್ನ ಸಹಿ. ನನಗೆ ವಯಸ್ಸು ನಲವತ್ತೆರಡು. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದೆ. ರಜೆ ಅರ್ಜಿ ಎಂದ ಕೂಡಲೇ ಕೈ ತಾನಾಗಿಯೇ ಹಳೆಯ ವ್ಯಾಕರಣ ಪುಸ್ತಕದ ಮಾದರಿಯನ್ನು ಬರೆದುಬಿಟ್ಟಿತ್ತು. ನಮಗೆಲ್ಲ ಕಲಿಸಿದ್ದು ಆ ಒಂದೇ ಅರ್ಜಿ ಅಲ್ವಾ? ಮಗು ಬರೆಯುವ ಅರ್ಜಿ. ಅಪ್ಪ ಅಮ್ಮ ಬರೆಯುವ ಅರ್ಜಿಯನ್ನು ಯಾರೂ ಕಲಿಸಲಿಲ್ಲ.

ನನ್ನ ಮಗಳು ಆಗ 7ನೇ ತರಗತಿ. ಟಾನ್ಸಿಲ್ ತೆಗೆಸಬೇಕು ಎಂದು ವೈದ್ಯರು ಹೇಳಿದ್ದರು. 2025ರ ಜುಲೈ 9, ಬುಧವಾರ ಆಪರೇಷನ್. ಹಿಂದಿನ ದಿನವೇ ದಾಖಲಾಗಬೇಕು. ಜೂನ್ 29ರ ಭಾನುವಾರ ಕೂತು ಅರ್ಜಿ ಬರೆದೆ. ಒಂದೂವರೆ ಪುಟ ಆಯಿತು. ಚೆನ್ನಾಗಿಯೇ ಬರೆದಿದ್ದೇನೆ ಅಂದುಕೊಂಡಿದ್ದೆ. ಅದರ ಮುಖ್ಯ ಭಾಗ ಹೀಗಿತ್ತು:

"ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ, ನನ್ನ ಮಗಳಿಗೆ ಕಳೆದ ಎರಡು ವರ್ಷಗಳಿಂದ ಪದೇ ಪದೇ ಗಂಟಲು ನೋವು, ಜ್ವರ ಬರುತ್ತಿದ್ದು, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದು, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಿದ್ದು, ಹಲವು ವೈದ್ಯರಿಗೆ ತೋರಿಸಿದರೂ ಗುಣವಾಗದೆ, ಈಗ ಶಸ್ತ್ರಚಿಕಿತ್ಸೆ ಅನಿವಾರ್ಯ ಎಂದು ತಿಳಿಸಿರುವುದರಿಂದ, ತಾವು ದಯಮಾಡಿ ನನ್ನ ಕೋರಿಕೆಯನ್ನು ಪರಿಗಣಿಸಿ ಒಂದು ವಾರ ರಜೆ ನೀಡಿ ಸಹಕರಿಸಬೇಕೆಂದು ಪ್ರಾರ್ಥಿಸುತ್ತೇನೆ."

ಸೋಮವಾರ ಇದನ್ನು ಹಿಡಿದು ಶಾಲೆಗೆ ಹೋದೆ. ಜೊತೆಗೆ ಆಸ್ಪತ್ರೆಯ ಕಡತದ ಆರು ಹಾಳೆಗಳ ಜೆರಾಕ್ಸ್. ಆಫೀಸಿನಲ್ಲಿದ್ದವರು ತುಂಬಾ ಹೊತ್ತು ಓದಿದರು. ನಂತರ ತಲೆ ಎತ್ತಿ ಕೇಳಿದರು: "ಸರ್, ಯಾವ ತರಗತಿ? ಯಾವ ವಿಭಾಗ?" ಅದನ್ನು ಬರೆದೇ ಇರಲಿಲ್ಲ. "ಯಾವತ್ತಿನಿಂದ?" ಅದೂ ಇರಲಿಲ್ಲ. "ಒಂದು ವಾರ ಸಾಕಾ? ಟಾನ್ಸಿಲ್ ಅಂತೀರಿ." ನನ್ನ ಬಳಿ ಉತ್ತರ ಇರಲಿಲ್ಲ. ಅವರು ಬೇಜಾರು ಮಾಡಿಕೊಳ್ಳದೆ ಹಾಳೆಗಳನ್ನು ವಾಪಸ್ ಕೊಟ್ಟರು. "ಡಾಕ್ಟರ್ ಎಷ್ಟು ದಿನ ಅಂತ ಬರೆದುಕೊಟ್ಟಿರ್ತಾರಲ್ಲ, ಅದೊಂದು ಹಾಳೆ ಸಾಕು. ಇದೆಲ್ಲ ಬೇಡ" ಎಂದರು.

ವೈದ್ಯರು ಅಂಥ ಹಾಳೆ ಬರೆದುಕೊಟ್ಟಿರಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ. ಒಂದು ವಾರ ಅನ್ನುವುದು ನಾನೇ ಊಹಿಸಿದ ಲೆಕ್ಕ. ಮಾರನೇ ದಿನವೇ ಮನೆಗೆ ಕಳಿಸುತ್ತಾರೆ, ಹಾಗಾಗಿ ಸಣ್ಣ ಆಪರೇಷನ್, ಏಳು ದಿನ ಜಾಸ್ತಿಯೇ ಆಯಿತು ಎಂದು ನನ್ನ ತಲೆಯಲ್ಲಿತ್ತು.

ಅವತ್ತು ಸಂಜೆ ವೈದ್ಯರನ್ನು ಕಂಡೆ. ಅವರು ಹೇಳಿದ್ದು ಕೇಳಿ ನನ್ನ ಲೆಕ್ಕವೇ ತಲೆಕೆಳಗಾಯಿತು. ಟಾನ್ಸಿಲ್ ತೆಗೆದ ಜಾಗದಲ್ಲಿ ಬಿಳಿ ಪೊರೆಯಂಥದ್ದು ಕಟ್ಟಿಕೊಳ್ಳುತ್ತದೆ. ಮೈಮೇಲಿನ ಗಾಯಕ್ಕೆ ಹಕ್ಕಳೆ ಕಟ್ಟುವ ಹಾಗೆ. ಸುಮಾರು 5ರಿಂದ 10ನೇ ದಿನದ ನಡುವೆ ಅದು ಉದುರುತ್ತದೆ. ಆಗ ಮತ್ತೆ ರಕ್ತ ಬರುವ ಸಾಧ್ಯತೆ ಇರುತ್ತದೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಅಂದರೆ ಮಗು ಚೇತರಿಸಿಕೊಂಡಂತೆ ಕಾಣುವ ಎರಡನೇ ವಾರದಲ್ಲೇ ಹೆಚ್ಚು ಎಚ್ಚರ ಬೇಕು. ನಾನು ಸರಿಯಾಗಿ ಆ ದಿನಗಳಲ್ಲೇ ಅವಳನ್ನು ಶಾಲೆಗೆ ಕಳಿಸುವ ಲೆಕ್ಕ ಹಾಕಿದ್ದೆ. ಎರಡು ವಾರ ಮನೆಯಲ್ಲೇ ಇರಲಿ, ಓಡಾಟ ಬೇಡ, ನೆಗಡಿ ಕೆಮ್ಮು ಇರುವವರ ಹತ್ತಿರ ಬಿಡಬೇಡಿ, ಜುಲೈ 23ಕ್ಕೆ ಕರೆದುಕೊಂಡು ಬನ್ನಿ ಎಂದರು. ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದು ಸಹಿ, ಮೊಹರು ಹಾಕಿಕೊಟ್ಟರು.

ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೇರೊಂದು ಶಾಲೆಯಲ್ಲಿ ಟೀಚರ್. ಇಪ್ಪತ್ತು ವರ್ಷದಿಂದ ಇಂಥ ಅರ್ಜಿಗಳನ್ನು ನೋಡಿದವಳು. ನನ್ನ ಒಂದೂವರೆ ಪುಟದ ಫೋಟೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿ ನಗಲು ಶುರು ಮಾಡಿದಳು.

"ಅಲ್ಲ ಕಣೋ, ಇದನ್ನ ಓದಿ ನಾನು ಏನು ಮಾಡ್ಬೇಕು ಹೇಳು. ನಾನು ಕ್ಲಾಸ್ ಟೀಚರ್ ಅಂದ್ಕೋ. ಪ್ರಾಂಶುಪಾಲರು ಸಹಿ ಹಾಕಿ ನನಗೆ ಕಳಿಸ್ತಾರೆ. ನಾನು ಹಾಜರಿ ಪುಸ್ತಕ ತೆಗೀತೀನಿ. ಯಾವ ದಿನದಿಂದ ಯಾವ ದಿನಕ್ಕೆ ಬರೀಲಿ? ನಿನ್ನ ಅರ್ಜಿಲಿ ಗೊರಕೆ ಇದೆ, ತಾರೀಕಿಲ್ಲ."

ಅಲ್ಲಿಯವರೆಗೆ ಅರ್ಜಿಯನ್ನು ಓದುವುದು ಪ್ರಾಂಶುಪಾಲರೊಬ್ಬರೇ ಎಂದುಕೊಂಡಿದ್ದೆ. ಅವರ ಮನಸ್ಸು ಕರಗಬೇಕು, ರಜೆ ಸಿಗಬೇಕು, ಅಷ್ಟೇ. ಅಕ್ಕ ಹೇಳಿದ್ದು ಬೇರೆ. ಆಪರೇಷನ್ ಎಂದರೆ ಯಾವ ಪ್ರಾಂಶುಪಾಲರೂ ರಜೆ ಇಲ್ಲ ಅನ್ನುವುದಿಲ್ಲ. ಅವರು ಅರ್ಧ ನಿಮಿಷ ನೋಡುತ್ತಾರೆ. ಅಂಚಿನಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಕಳಿಸುತ್ತಾರೆ. ಆಮೇಲೆ ಅದು ಕ್ಲಾಸ್ ಟೀಚರ್ ಕೈಗೆ, ಪರೀಕ್ಷೆ ನೋಡಿಕೊಳ್ಳುವವರ ಕೈಗೆ ಹೋಗುತ್ತದೆ. ನಿಜವಾದ ಕೆಲಸ ಇರುವುದು ಅವರಿಗೆ.

ಸರಿ, ಹೊಸ ಹಾಳೆ ತೆಗೆದುಕೊಂಡೆ. ಹಳೆಯ ವಾಕ್ಯವನ್ನೇ ಮುಂದಿಟ್ಟುಕೊಂಡು ನೋಡಿದೆ. ಅದು ಒಂದೇ ವಾಕ್ಯ. "ಬರುತ್ತಿದ್ದು, ಹೊಡೆಯುತ್ತಿದ್ದು, ಕೂರುತ್ತಿದ್ದು" ಎಂದು ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಕೊಂಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹಾಗಾಗಿ ಇಷ್ಟನ್ನೂ ದಾಟಿ ಬರುವವರೆಗೆ ನಾನು ಕೇಳುತ್ತಿರುವುದು ಏನು ಅಂತ ಓದುವವರಿಗೆ ಗೊತ್ತೇ ಆಗುವುದಿಲ್ಲ. ಕಚೇರಿ ಪತ್ರ ಎಂದರೆ ಹೀಗೇ ಇರಬೇಕು ಎಂಬ ಭ್ರಮೆ ನಮಗೆ. ವಾಕ್ಯ ಮುಗಿಸಿದರೆ ಮರ್ಯಾದೆ ಕಡಿಮೆ ಆಗುತ್ತದೇನೋ ಅನ್ನುವಂತೆ "ದ್ದು" ಹಾಕಿಕೊಂಡು ಹೋಗುತ್ತೇವೆ. ನಾನು ಒಂದೊಂದು "ದ್ದು" ಸಿಕ್ಕಲ್ಲೂ ಪೂರ್ಣವಿರಾಮ ಇಟ್ಟು ನೋಡಿದೆ. ಕೂಡಲೇ ಯಾವ ಮಾತು ಬೇಕು, ಯಾವುದು ಬೇಡ ಅನ್ನುವುದು ಕಾಣತೊಡಗಿತು. ಬಿಡಿ ವಾಕ್ಯವಾಗಿ ನಿಂತಾಗ "ಹಲವು ವೈದ್ಯರಿಗೆ ತೋರಿಸಿದೆವು" ಅನ್ನುವುದು ಶಾಲೆಗೆ ಸಂಬಂಧವೇ ಇಲ್ಲದ ಮಾತು.

ಗೊರಕೆಯ ಮಾತು ಮಾತ್ರ ನನ್ನ ಮಗಳೇ ತೆಗೆಸಿದಳು. ಹಿಂದಿನಿಂದ ಬಂದು ಇಣುಕಿ ನೋಡಿ, "ಅಪ್ಪಾ! ಗೊರಕೆ ಅಂತ ಬರೆದಿದ್ದೀಯಾ? ಮಿಸ್ ಓದ್ತಾರೆ!" ಎಂದು ಕಿರುಚಿದಳು. ಅವಳು ಹೇಳಿದ್ದು ಸರಿ. ಅರ್ಜಿ ನಾಲ್ಕು ಕೈ ದಾಟಿ ಹೋಗುವ ಹಾಳೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಅದು ಸಣ್ಣ ವಿಷಯ ಅಲ್ಲ. "ಏನಂತ ಬರೆಯಲಿ?" ಎಂದು ಕೇಳಿದೆ. "ಗಂಟಲಿನ ಆಪರೇಷನ್ ಅಂತ ಬರಿ, ಸಾಕು" ಎಂದಳು. ಅಷ್ಟೇ ಸಾಕಿತ್ತು. ಶಾಲೆಗೆ ಬೇಕಾದದ್ದು ಎಷ್ಟು ದಿನ, ಆಮೇಲೆ ಏನು ಎಚ್ಚರ ಅನ್ನುವುದು. ಆಸ್ಪತ್ರೆಯ ಆರು ಹಾಳೆಗಳೂ ಇದೇ ಕಾರಣಕ್ಕೆ ಹೊರಗುಳಿದವು. ಅದರಲ್ಲಿ ರಕ್ತ ಪರೀಕ್ಷೆಯಿಂದ ಹಿಡಿದು ಎಲ್ಲವೂ ಇತ್ತು. ಒಬ್ಬರಿಗೂ ಬೇಕಾಗಿರಲಿಲ್ಲ.

ಇನ್ನು ತಾರೀಕು. ಇದು ಸುಲಭ ಅಂದುಕೊಂಡೆ, ಇಲ್ಲೇ ಎಡವಿದೆ. ಎರಡು ವಾರ ಎಂದರೆ 8ರಿಂದ 22 ಎಂದು ಬರೆದೆ. ಅಕ್ಕ ಕೇಳಿದಳು: "ಡಾಕ್ಟರು ಎರಡು ವಾರ ಅಂದಿದ್ದು ಯಾವತ್ತಿನಿಂದ? ಅಡ್ಮಿಟ್ ಆದ ದಿನದಿಂದಲಾ, ಆಪರೇಷನ್ ಆದ ದಿನದಿಂದಲಾ?" ಆಪರೇಷನ್ 9ಕ್ಕೆ. ಅಲ್ಲಿಂದ ಹದಿನಾಲ್ಕು ದಿನ ಎಂದರೆ 23. ಅವತ್ತೇ ವೈದ್ಯರ ಹತ್ತಿರ ಹೋಗುವುದೂ ಇದೆ. 22ಕ್ಕೆ ರಜೆ ಮುಗಿಸಿದ್ದರೆ 23ಕ್ಕೆ ಇನ್ನೊಂದು ಅರ್ಜಿ ಬರೆಯಬೇಕಿತ್ತು. ವೈದ್ಯರ ಚೀಟಿಗೂ ನನ್ನ ಅರ್ಜಿಗೂ ತಾಳೆ ಆಗುತ್ತಿರಲಿಲ್ಲ. ಹಾಗಾಗಿ 8ರಿಂದ 23. ಬೆರಳು ಮಡಚಿ ಎಣಿಸಿದರೆ 16 ದಿನ. 23ರಿಂದ 8 ಕಳೆದರೆ 15 ಬರುತ್ತದೆ, ಆದರೆ ಮೊದಲ ದಿನವೂ ಲೆಕ್ಕಕ್ಕೆ ಸೇರುತ್ತದೆ. ನಡುವೆ 13 ಮತ್ತು 20 ಭಾನುವಾರ. ಶಾಲೆ ತಪ್ಪುವುದು 14 ದಿನ.

"23ರವರೆಗೆ" ಅನ್ನುವುದರಲ್ಲೂ ಒಂದು ತೊಡಕಿದೆ. 23ಕ್ಕೆ ಬರುತ್ತಾಳೋ, 24ಕ್ಕೋ? ಕೆಲವರು ಹಾಗೆ ಓದುತ್ತಾರೆ, ಕೆಲವರು ಹೀಗೆ. ಅದಕ್ಕೆ ಅಕ್ಕ ಹೇಳಿದ ಉಪಾಯ ಸರಳ: ಮತ್ತೆ ಶಾಲೆಗೆ ಬರುವ ದಿನವನ್ನೂ ವಾರದ ಹೆಸರಿನ ಸಮೇತ ಬರೆದುಬಿಡು. ಆಗ ತಾರೀಕು ತಪ್ಪಾಗಿದ್ದರೂ ಓದುವವರಿಗೆ ಅನುಮಾನ ಬಂದು ಕೇಳುತ್ತಾರೆ.

16ರಿಂದ 18ರವರೆಗೆ ಕಿರುಪರೀಕ್ಷೆ ಇತ್ತು. ಮೊದಲ ಅರ್ಜಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಈಗ ಬರೆಯುವಾಗ "ಪರೀಕ್ಷೆಯಿಂದ ವಿನಾಯಿತಿ ಕೊಡಿ" ಎಂದು ಬರೆಯಲು ಹೋದೆ. ಅಕ್ಕ ತಡೆದಳು. ವಿನಾಯಿತಿ ಕೊಟ್ಟರೆ ಅಂಕದ ಜಾಗದಲ್ಲಿ ಏನು ಬರೆಯುವುದು ಎಂಬ ಪ್ರಶ್ನೆ ಬರುತ್ತದೆ. ಬೇರೆ ದಿನ ಬರೆಯಲು ಅವಕಾಶ ಕೇಳು, ಇಲ್ಲದಿದ್ದರೆ ಶಾಲೆಯ ನಿಯಮದಂತೆ ಮಾಡಲಿ ಎಂದು ಬಿಡು ಅಂದಳು. ಒಟ್ಟು ಅರ್ಜಿಯಲ್ಲಿ ಕೇಳುವುದು ಎರಡೇ: ರಜೆ ಮತ್ತು ಪರೀಕ್ಷೆ. ತರಗತಿಯಲ್ಲಿ ಆಗಾಗ ನೀರು ಕುಡಿಯಲು ಬಿಡಬೇಕು ಎಂದೂ ಬರೆದಿದ್ದೆ. "ಅದನ್ನ ಡೈರಿಲಿ ಬರಿ, ಮಾರಾಯ. ಪ್ರಾಂಶುಪಾಲರು ನೀರಿಗೂ ಸಹಿ ಹಾಕ್ಬೇಕಾ?" ಎಂದಳು.

ಬುಧವಾರ, ಜುಲೈ 2ಕ್ಕೆ ಕೊಟ್ಟ ಅರ್ಜಿ ಹೀಗಿತ್ತು. ಹೆಸರು, ವಿಳಾಸ ಬಿಟ್ಟು ಉಳಿದದ್ದು ಅಲ್ಲಿ ಬರೆದ ಹಾಗೇ ಇದೆ.

ದಿನಾಂಕ: 02-07-2025

ಇಂದ,
(ಪೋಷಕರ ಹೆಸರು, ವಿಳಾಸ, ಫೋನ್ ನಂಬರ್)

ಗೆ,
ಪ್ರಾಂಶುಪಾಲರು,
(ಶಾಲೆಯ ಹೆಸರು)

ಮಾನ್ಯರೇ,

ವಿಷಯ: 7ನೇ ತರಗತಿ 'ಬಿ' ವಿಭಾಗದ (ಮಗಳ ಹೆಸರು) ಇವಳಿಗೆ ಶಸ್ತ್ರಚಿಕಿತ್ಸೆಗಾಗಿ 08-07-2025ರಿಂದ 23-07-2025ರವರೆಗೆ ರಜೆ ಕೋರಿ.

ತಮ್ಮ ಶಾಲೆಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಜುಲೈ 9ರಂದು ಗಂಟಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನಂತರ ಎರಡು ವಾರ ಮನೆಯಲ್ಲೇ ವಿಶ್ರಾಂತಿ ಬೇಕೆಂದು ವೈದ್ಯರು ತಿಳಿಸಿದ್ದಾರೆ. ಆದ್ದರಿಂದ ಜುಲೈ 8ರಿಂದ 23ರವರೆಗೆ, ಭಾನುವಾರಗಳೂ ಸೇರಿ 16 ದಿನ ರಜೆ ನೀಡಬೇಕೆಂದು ಕೋರುತ್ತೇನೆ. ಜುಲೈ 24, ಗುರುವಾರ ಅವಳು ಶಾಲೆಗೆ ಹಾಜರಾಗುತ್ತಾಳೆ.

ಜುಲೈ 16ರಿಂದ 18ರವರೆಗಿನ ಕಿರುಪರೀಕ್ಷೆ ಈ ಅವಧಿಯಲ್ಲಿ ಬರುತ್ತದೆ. ಅದನ್ನು ನಂತರ ಬರೆಯಲು ಅವಕಾಶವಿದ್ದರೆ ದಯವಿಟ್ಟು ತಿಳಿಸಿ.

ಶಸ್ತ್ರಚಿಕಿತ್ಸೆಯ ದಿನ ಬದಲಾದರೆ ಅಥವಾ 23ರಂದು ವೈದ್ಯರು ಇನ್ನಷ್ಟು ವಿಶ್ರಾಂತಿ ಹೇಳಿದರೆ ಅದೇ ದಿನ ತಮಗೆ ತಿಳಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)
(ಹೆಸರು), ವಿದ್ಯಾರ್ಥಿನಿಯ ತಂದೆ

ಲಗತ್ತು: ವೈದ್ಯರ ಪತ್ರ, 1 ಹಾಳೆ

"ಪ್ರಾರ್ಥಿಸುತ್ತೇನೆ" ಹೋಗಿ "ಕೋರುತ್ತೇನೆ" ಬಂತು. "ದಯವಿಟ್ಟು" ಒಂದೇ ಒಂದು ಕಡೆ ಉಳಿಯಿತು. ಎಡಗಡೆ ಎರಡು ಬೆರಳಷ್ಟು ಅಂಚು ಬಿಟ್ಟಿದ್ದೆ, ಅವರು ಬರೆಯಲು ಜಾಗ ಬೇಕಲ್ಲ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ "ಸ್ವೀಕರಿಸಲಾಗಿದೆ" ಎಂದು ತಾರೀಕಿನ ಸಮೇತ ಸಹಿ ಹಾಕಿಸಿಕೊಂಡೆ. ಆಫೀಸಿನವರು ಈ ಸಲ ಏನೂ ಕೇಳಲಿಲ್ಲ. ಸಂಜೆಯೊಳಗೆ ಪ್ರಾಂಶುಪಾಲರ ಒಪ್ಪಿಗೆ ಸಿಕ್ಕಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಜುಲೈ 7ರ ರಾತ್ರಿ ಮಗಳಿಗೆ ಜ್ವರ ಬಂತು, ಜೊತೆಗೆ ಕೆಮ್ಮು. 8ಕ್ಕೆ ಆಸ್ಪತ್ರೆಗೆ ಹೋದೆವು. ಅರಿವಳಿಕೆ ಕೊಡುವ ವೈದ್ಯರು ಎದೆ ಪರೀಕ್ಷೆ ಮಾಡಿ ಈಗ ಬೇಡ ಎಂದರು. ಕೆಮ್ಮು ಕಫ ಇರುವಾಗ ಅರಿವಳಿಕೆ ಕೊಟ್ಟರೆ ಉಸಿರಾಟಕ್ಕೆ ತೊಂದರೆ ಆಗಬಹುದಂತೆ. ಪೂರ್ತಿ ಗುಣವಾಗಿ ಕೆಲವು ವಾರ ಕಳೆಯಲಿ ಎಂದು ಜುಲೈ 30ಕ್ಕೆ ಹೊಸ ದಿನ ಕೊಟ್ಟರು. ಬ್ಯಾಗ್ ಬಿಚ್ಚದೆಯೇ ಮನೆಗೆ ಬಂದೆವು.

ದಿನ ಬದಲಾದರೆ ತಿಳಿಸುತ್ತೇನೆ ಎಂದು ಅರ್ಜಿಯಲ್ಲಿ ಬರೆದಿದ್ದೆ, ಹಾಗಾಗಿ ಅವತ್ತೇ ಆಫೀಸಿಗೆ ಫೋನ್ ಮಾಡಿ ಹೇಳಿದೆ. ಸಾಕು ಅಂದುಕೊಂಡೆ. ಜ್ವರ ಬಿಟ್ಟು ಮಗಳು 14ನೇ ತಾರೀಕು ಸೋಮವಾರ ಶಾಲೆಗೆ ಹೋದಳು. ಸಂಜೆ ಬಂದು ಹೇಳಿದಳು: "ಅಪ್ಪ, ನಾನು ಕ್ಲಾಸಲ್ಲಿ ಕೂತಿದ್ದೆ. ಆದ್ರೆ ಪುಸ್ತಕದಲ್ಲಿ ನಾನು ರಜೆಯಂತೆ!" ಕ್ಲಾಸ್ ಟೀಚರ್ 23ರವರೆಗೆ ಮೊದಲೇ ಗುರುತು ಹಾಕಿಟ್ಟಿದ್ದರು. ನನ್ನ ಫೋನ್ ಸುದ್ದಿ ಆಫೀಸಿನಲ್ಲೇ ಉಳಿದಿತ್ತು. ಪರೀಕ್ಷೆ ಬರೆಯುವವರ ಪಟ್ಟಿಯಲ್ಲೂ ಅವಳ ಹೆಸರು ಇರಲಿಲ್ಲ. ಪರೀಕ್ಷೆ ನಾಡಿದ್ದೇ.

ಅವರದ್ದೇನೂ ತಪ್ಪಿಲ್ಲ. ನನ್ನ ಸಹಿ ಇರುವ ಹಾಳೆ ಅವಳು ರಜೆಯಲ್ಲಿದ್ದಾಳೆ ಅನ್ನುತ್ತಿತ್ತು. ಅದನ್ನು ಅಳಿಸಲು ಇನ್ನೊಂದು ಹಾಳೆಯೇ ಬೇಕು.

ಮೂರನೇ ಅರ್ಜಿಯನ್ನು ಅವತ್ತು ರಾತ್ರಿ ಬರೆದೆ. ಮೊದಲು ಬರೆದದ್ದು ಹಳೆಯದರ ನಕಲು, ತಾರೀಕು ಮಾತ್ರ ಬೇರೆ. ಓದಿ ನೋಡಿದಾಗ ಗಾಬರಿಯಾಯಿತು. ಇದನ್ನು ಹೀಗೇ ಕೊಟ್ಟರೆ ಕಡತದಲ್ಲಿ ಎರಡು ಅರ್ಜಿ, ಎರಡರಲ್ಲೂ 16 ದಿನ. ವರ್ಷದ ಕೊನೆಗೆ ಹಾಜರಾತಿ ಲೆಕ್ಕ ಹಾಕುವವರಿಗೆ ಈ ಹುಡುಗಿ 32 ದಿನ ರಜೆ ತೆಗೆದುಕೊಂಡ ಹಾಗೆ ಕಾಣುತ್ತದೆ. ಹಾಗಾಗಿ ವಿಷಯದ ಕೆಳಗೆ ಒಂದು ಸಾಲು ಸೇರಿಸಿದೆ: "ಉಲ್ಲೇಖ: ದಿನಾಂಕ 02-07-2025ರ ನನ್ನ ಅರ್ಜಿ." ಕಚೇರಿ ಪತ್ರಗಳಲ್ಲಿ ಈ ಉಲ್ಲೇಖ ಸುಮ್ನೆ ಅಲಂಕಾರಕ್ಕೆ ಇರುತ್ತದೆ ಎಂದು ಬಹಳ ವರ್ಷ ನಂಬಿದ್ದೆ.

ಆಮೇಲಿನ ಭಾಗವನ್ನು ಎರಡು ತುಂಡು ಮಾಡಿದೆ. ಮೊದಲು ಹಳೆಯ ಲೆಕ್ಕ ಮುಗಿಸಬೇಕು, ನಂತರ ಹೊಸದು ಕೇಳಬೇಕು. ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ ಮತ್ತೆ ಗೊಂದಲ.

"ಜ್ವರದ ಕಾರಣ ನನ್ನ ಮಗಳ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿದೆ. ಮಂಜೂರಾಗಿದ್ದ ರಜೆಯಲ್ಲಿ ಜುಲೈ 8ರಿಂದ 12ರವರೆಗಿನ 5 ದಿನಗಳನ್ನು ಮಾತ್ರ ಅವಳು ಬಳಸಿಕೊಂಡಿದ್ದಾಳೆ. ಜುಲೈ 14ರಿಂದ ಶಾಲೆಗೆ ಬರುತ್ತಿದ್ದಾಳೆ. ಉಳಿದ ರಜೆಯನ್ನು ರದ್ದು ಮಾಡಿ, ಜುಲೈ 16ರಿಂದ ನಡೆಯುವ ಕಿರುಪರೀಕ್ಷೆ ಬರೆಯಲು ಅವಳಿಗೆ ಅವಕಾಶ ನೀಡಬೇಕೆಂದು ಕೋರುತ್ತೇನೆ.

ಶಸ್ತ್ರಚಿಕಿತ್ಸೆಗೆ ಈಗ ಜುಲೈ 30 ನಿಗದಿಯಾಗಿದೆ. ಇದಕ್ಕಾಗಿ ಜುಲೈ 29ರಿಂದ ಆಗಸ್ಟ್ 13ರವರೆಗೆ, ಭಾನುವಾರಗಳೂ ಸೇರಿ 16 ದಿನ ರಜೆ ಕೋರುತ್ತೇನೆ. ಆಗಸ್ಟ್ 14, ಗುರುವಾರ ಅವಳು ಹಾಜರಾಗುತ್ತಾಳೆ."

ವೈದ್ಯರಿಂದ ಹೊಸ ತಾರೀಕಿನ ಪತ್ರ ಇನ್ನೂ ಬಂದಿರಲಿಲ್ಲ. ಹಳೆಯದನ್ನೇ ಲಗತ್ತಿಸಿದರೆ ತಾರೀಕು ತಾಳೆಯಾಗದು. "ಹೊಸ ವೈದ್ಯರ ಪತ್ರವನ್ನು ಜುಲೈ 28ರೊಳಗೆ ಸಲ್ಲಿಸುತ್ತೇನೆ" ಎಂದು ಬರೆದೆ. ಬರೆದ ಮೇಲೆ ಮತ್ತೆ ನೋಡಿದೆ. ಹೊಸಬರು ವೈದ್ಯರೋ, ಹೊಸದು ಪತ್ರವೋ? "ವೈದ್ಯರ ಹೊಸ ಪತ್ರವನ್ನು" ಎಂದು ತಿದ್ದಿದೆ. ಇಷ್ಟು ಹೊತ್ತಿಗೆ ನನಗೂ ಸ್ವಲ್ಪ ಹುಚ್ಚು ಹಿಡಿದಿತ್ತು.

ಮಂಗಳವಾರ ಬೆಳಿಗ್ಗೆ ಈ ಅರ್ಜಿಯನ್ನು ಆಫೀಸಿಗೆ ಕೊಟ್ಟು, ಪ್ರತಿಯನ್ನು ಕ್ಲಾಸ್ ಟೀಚರ್‌ಗೂ ನಾನೇ ತಲುಪಿಸಿದೆ. ಮಧ್ಯಾಹ್ನದೊಳಗೆ ಪಟ್ಟಿಯಲ್ಲಿ ಹೆಸರು ಬಂತು. ಮೂರು ದಿನವೂ ಪರೀಕ್ಷೆ ಬರೆದಳು. ತಪ್ಪಿಸಿಕೊಳ್ಳಬಹುದು ಎಂದು ಖುಷಿಯಲ್ಲಿದ್ದವಳಿಗೆ ನನ್ನ ಮೇಲೆ ಸಿಟ್ಟು ಇದ್ದೇ ಇತ್ತು.

30ಕ್ಕೆ ಆಪರೇಷನ್ ಆಯಿತು. ಏಳನೇ ದಿನ ಉಗುಳಿನಲ್ಲಿ ಕೆಂಪು ಎಳೆ ಕಂಡಿತು. ಆಸ್ಪತ್ರೆಗೆ ಓಡಿದೆವು. ಒಂದು ರಾತ್ರಿ ಇಟ್ಟುಕೊಂಡು ನೋಡಿ, ತಾನಾಗಿಯೇ ನಿಂತಿದೆ ಎಂದು ಕಳಿಸಿದರು. ಅದು ಆಗಸ್ಟ್ 6. ನನ್ನ ಮೊದಲ ಅರ್ಜಿಯ ಲೆಕ್ಕದಂತೆ ಹೋಗಿದ್ದರೆ ಅವತ್ತು ಅವಳು ತರಗತಿಯಲ್ಲಿ ಕೂತಿರುತ್ತಿದ್ದಳು.

13ಕ್ಕೆ ವೈದ್ಯರು ನೋಡಿ, ಶಾಲೆಗೆ ಹೋಗಬಹುದು, ಆಟ ಮಾತ್ರ ಇನ್ನೊಂದು ವಾರ ಬೇಡ ಎಂದು ಬರೆದುಕೊಟ್ಟರು. ಆ ಚೀಟಿಯ ಜೊತೆಗೆ ಎರಡು ಸಾಲಿನ ಪತ್ರ ಇಡಬೇಕಿತ್ತು. ನಾನು ಪೆನ್ನು ಹುಡುಕುವಷ್ಟರಲ್ಲಿ ಮಗಳೇ ಬರೆದು ತಂದಳು. ತರಗತಿ, ವಿಭಾಗ, ಯಾವತ್ತಿನವರೆಗೆ ಆಟ ಬೇಡ, ಯಾವ ವಾರ, ಎಲ್ಲ ಇತ್ತು. ಗೊರಕೆ ಇರಲಿಲ್ಲ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟು, ಅದರ ಪಕ್ಕದಲ್ಲಿ "ವಿದ್ಯಾರ್ಥಿನಿಯ ತಂದೆ" ಎಂದು ದೊಡ್ಡದಾಗಿ ಬರೆದಿದ್ದಳು.